ಬ್ಯಾಂಡ್‌ವಿಡ್ತ್ ಮೂರು ಪಟ್ಟಾದರೂ ಅಕ್ಷ ಬೇಗ ನೆಲೆಗೊಳ್ಳಲಿಲ್ಲ, ಏಕೆ?

ಪ್ರಶ್ನೆ: ನಮ್ಮ ಯಂತ್ರದ ಸ್ಥಾನ ನಿಯಂತ್ರಣದ ಸರ್ವೋದಲ್ಲಿ ಗೇನ್ ಹೆಚ್ಚಿಸುತ್ತ ಹೋದೆ. ಕ್ಲೋಸ್ಡ್ ಲೂಪ್ ಬ್ಯಾಂಡ್‌ವಿಡ್ತ್ 5.6 ಹರ್ಟ್ಸ್‌ನಿಂದ 16 ಹರ್ಟ್ಸ್‌ಗೆ ಏರಿತು. ಆದರೆ ಅಕ್ಷ ಪೂರ್ತಿ ನೆಲೆಗೊಳ್ಳುವ ಸಮಯ ಸುಮಾರು 160 ಮಿಲಿಸೆಕೆಂಡಿನಲ್ಲೇ ಉಳಿಯಿತು, ಓವರ್‌ಶೂಟ್ ಮಾತ್ರ ಶೇ 4ರಿಂದ ಶೇ 30ಕ್ಕೆ ಹೋಯಿತು. ಬ್ಯಾಂಡ್‌ವಿಡ್ತ್ ಹೆಚ್ಚಾದರೆ ವೇಗ ಹೆಚ್ಚುತ್ತದೆ ಎಂದು ಓದಿದ್ದೆನಲ್ಲ? ಇನ್ನೊಂದು ಕಡೆ, ಸ್ಪಿಂಡಲ್‌ನ ವೇಗ ನಿಯಂತ್ರಣಕ್ಕೆ ಡ್ಯಾಂಪಿಂಗ್ ಅನುಪಾತ 1 ಬರುವಂತೆ PI ಕಂಟ್ರೋಲರ್ ಲೆಕ್ಕ ಹಾಕಿದ್ದೆ. ಅಲ್ಲಿಯೂ ಶೇ 13ರಷ್ಟು ಓವರ್‌ಶೂಟ್ ಕಾಣುತ್ತಿದೆ. ಆವರ್ತನ ಪ್ರತಿಕ್ರಿಯೆಯ ಗ್ರಾಫ್ ನೋಡಿಯೇ ಇದನ್ನೆಲ್ಲ ಮೊದಲೇ ಹೇಳಬಹುದಿತ್ತೇ?

ಉತ್ತರ: ಹೇಳಬಹುದಿತ್ತು. ಅದಕ್ಕೆ ಗ್ರಾಫಿನಲ್ಲಿ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ಓದಬೇಕು. ಒಂದು, ರೇಖೆಯ ಆಕಾರ. ಇನ್ನೊಂದು, ಆ ಆಕಾರ ಆವರ್ತನದ ಅಕ್ಷದ ಮೇಲೆ ಎಲ್ಲಿ ಕುಳಿತಿದೆ ಎಂಬುದು. ಓವರ್‌ಶೂಟನ್ನು ನಿರ್ಧರಿಸುವುದು ಆಕಾರ. ವೇಗವನ್ನು ನಿರ್ಧರಿಸುವುದು ಅದು ಕುಳಿತಿರುವ ಜಾಗ. ನೀವು ಗೇನ್ ಹೆಚ್ಚಿಸಿದಾಗ ಎರಡೂ ಒಟ್ಟಿಗೆ ಬದಲಾದವು. ನೀವು ಗಮನಿಸಿದ್ದು ಎರಡನೆಯದನ್ನು ಮಾತ್ರ.

ಆಕಾರ ಎಂದರೆ ಏನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ನಿಯಂತ್ರಣ ವ್ಯವಸ್ಥೆಯ ಸ್ಟೆಪ್ ಪ್ರತಿಕ್ರಿಯೆಯನ್ನು ಕಾಗದದ ಮೇಲೆ ಬಿಡಿಸಿ, ಸಮಯದ ಅಕ್ಷವನ್ನು ಮಾತ್ರ ಅರ್ಧಕ್ಕೆ ಕುಗ್ಗಿಸಿದಿರಿ ಎಂದುಕೊಳ್ಳಿ. ಏರಿಕೆಯ ಸಮಯ ಅರ್ಧವಾಗುತ್ತದೆ, ನೆಲೆಗೊಳ್ಳುವ ಸಮಯವೂ ಅರ್ಧವಾಗುತ್ತದೆ. ಓವರ್‌ಶೂಟಿನ ಎತ್ತರ ಮಾತ್ರ ಇದ್ದಷ್ಟೇ ಇರುತ್ತದೆ. ಇದೇ ಕ್ರಿಯೆ ಆವರ್ತನದ ಗ್ರಾಫಿನಲ್ಲಿ ಅಕ್ಷವನ್ನು ಎರಡು ಪಟ್ಟು ಹಿಗ್ಗಿಸಿದಂತೆ ಕಾಣುತ್ತದೆ: ಬ್ಯಾಂಡ್‌ವಿಡ್ತ್ ಎರಡು ಪಟ್ಟಾಗುತ್ತದೆ, ಅನುರಣನ ಶಿಖರದ, ಅಂದರೆ ಗ್ರಾಫ್ ಕೆಳಗಿಳಿಯುವ ಮೊದಲು ಮೇಲೇಳುವ ಉಬ್ಬಿನ, ಎತ್ತರ ಬದಲಾಗುವುದಿಲ್ಲ. ಆದ್ದರಿಂದ ಶಿಖರದ ಎತ್ತರವನ್ನು ಓವರ್‌ಶೂಟಿನೊಡನೆ, ಬ್ಯಾಂಡ್‌ವಿಡ್ತನ್ನು ಏರಿಕೆಯ ಸಮಯದೊಡನೆ ಜೋಡಿಸುವುದು ಬರಿಯ ರೂಢಿಯ ಮಾತಲ್ಲ. ಅಕ್ಷ ಹಿಗ್ಗಿದಾಗ ಬದಲಾಗದವು ಒಂದು ಗುಂಪು, ಬದಲಾಗುವವು ಇನ್ನೊಂದು ಗುಂಪು. ಹೆಚ್ಚಿನ ಬ್ಯಾಂಡ್‌ವಿಡ್ತ್ ತಾನಾಗಿ ಓವರ್‌ಶೂಟ್ ತರುವುದಿಲ್ಲ ಎಂಬುದೂ ಇದರಿಂದಲೇ ತಿಳಿಯುತ್ತದೆ.

ಇನ್ನು ಅಂಕಿಗಳು. ಬ್ಯಾಂಡ್‌ವಿಡ್ತ್ ಎಂದರೆ ಔಟ್‌ಪುಟ್‌ನ ಪ್ರಮಾಣ ಶೂನ್ಯ ಆವರ್ತನದಲ್ಲಿ ಇದ್ದುದರ 0.707 ಭಾಗಕ್ಕೆ, ಅಂದರೆ 3 ಡೆಸಿಬೆಲ್ ಕೆಳಕ್ಕೆ, ಇಳಿಯುವ ಆವರ್ತನ. ಸ್ಟೆಪ್‌ನ ಚೂಪಾದ ಅಂಚನ್ನು ಕಟ್ಟುವುದು ಹೆಚ್ಚಿನ ಆವರ್ತನದ ಅಂಶಗಳು. ಲೂಪ್ ಅವನ್ನು ದಾಟಿಸದಿದ್ದರೆ ಅಂಚು ಓರೆಯಾಗುತ್ತದೆ. ಒಂದೇ ಪೋಲ್ ಇರುವ ವ್ಯವಸ್ಥೆಯಲ್ಲಿ ಶೇ 10ರಿಂದ ಶೇ 90ರವರೆಗಿನ ಏರಿಕೆಗೆ ಟೈಮ್ ಕಾನ್‌ಸ್ಟಂಟ್ τದ 2.2 ಪಟ್ಟು ಸಮಯ ಹಿಡಿಯುತ್ತದೆ. ಅದರ ಬ್ಯಾಂಡ್‌ವಿಡ್ತ್ ಹರ್ಟ್ಸ್‌ನಲ್ಲಿ 1/(2πτ). ಎರಡನ್ನೂ ಗುಣಿಸಿದರೆ 0.35 ಬರುತ್ತದೆ. ಆಸಿಲೋಸ್ಕೋಪ್ ಬಳಸುವವರಿಗೆಲ್ಲ ಈ ಸಂಖ್ಯೆ ಪರಿಚಿತ. ಎರಡು ಪೋಲ್‌ಗಳ ವ್ಯವಸ್ಥೆಯಲ್ಲಿ ಡ್ಯಾಂಪಿಂಗ್ ಅನುಪಾತ 0.3ರಿಂದ 1ರವರೆಗೆ ಎಲ್ಲಿದ್ದರೂ ಈ ಗುಣಲಬ್ಧ ಸುಮಾರು 0.31 ಮತ್ತು 0.35ರ ನಡುವೆಯೇ ಇರುತ್ತದೆ. ಆಕಾರ ಅಷ್ಟೊಂದು ಬದಲಾದರೂ ಗುಣಲಬ್ಧ ಇಷ್ಟು ಕಡಿಮೆ ಅಲುಗುವುದರಿಂದಲೇ ಬ್ಯಾಂಡ್‌ವಿಡ್ತ್ ವೇಗದ ಅಳತೆಯಾಗಿ ಬಳಕೆಗೆ ಬಂದಿದೆ. ಆದರೆ ಇಲ್ಲಿ ವೇಗ ಎಂದರೆ ಮೊದಲ ಏರಿಕೆ ಮಾತ್ರ. ಗುರಿಯನ್ನು ಮೊದಲ ಬಾರಿ ಮುಟ್ಟಿದ ಮೇಲೆ ಏನಾಗುತ್ತದೆ ಎಂಬುದನ್ನು ಬ್ಯಾಂಡ್‌ವಿಡ್ತ್ ಹೇಳುವುದಿಲ್ಲ.

ಅನುರಣನ ಶಿಖರ, ಅಂದರೆ Mr, ಹೇಳುವುದು ಆ ಮುಂದಿನ ಕಥೆಯನ್ನು. ಝೀರೋ ಇಲ್ಲದ, ಎರಡೇ ಪೋಲ್‌ಗಳ ಮಾದರಿಗೆ ಸೂತ್ರಗಳು ಇವು. ಇಲ್ಲಿ ζ ಡ್ಯಾಂಪಿಂಗ್ ಅನುಪಾತ, ωn ಸಹಜ ಆವರ್ತನ, OS ಓವರ್‌ಶೂಟ್, ωb ಬ್ಯಾಂಡ್‌ವಿಡ್ತ್:

```
Mr = 1 / (2ζ√(1-ζ²))        (ζ < 0.707)
OS = exp(-πζ / √(1-ζ²))
ωb = ωn √(1 - 2ζ² + √(4ζ⁴ - 4ζ² + 2))
```

ಮೊದಲ ಎರಡು ಸಾಲುಗಳಲ್ಲಿ ಇರುವುದು ಒಂದೇ ζ ಆದ್ದರಿಂದ ಶಿಖರವನ್ನು ಅಳೆದರೆ ಓವರ್‌ಶೂಟ್ ಸಿಗುತ್ತದೆ. ಶಿಖರ 1.15 ಇದ್ದರೆ ಓವರ್‌ಶೂಟ್ ಶೇ 16, 1.36 ಇದ್ದರೆ ಶೇ 25, 1.75 ಇದ್ದರೆ ಶೇ 37. ಮೊದಲ ಜೋಡಿಯನ್ನು ನೋಡಿ: ಶಿಖರ ಒಂದನ್ನು ಮೀರಿದಷ್ಟೇ ಸ್ಟೆಪ್ ಪ್ರತಿಕ್ರಿಯೆಯೂ ಒಂದನ್ನು ಮೀರಿದೆ. ಸಣ್ಣ ಶಿಖರಗಳಿಗೆ ಈ ಬಾಯಿಲೆಕ್ಕ ಚೆನ್ನಾಗಿ ಒದಗುತ್ತದೆ. ಶಿಖರ ಬೆಳೆದಂತೆ ಅದು ಕೈಕೊಡುತ್ತದೆ. ಡ್ಯಾಂಪಿಂಗ್ ಸೊನ್ನೆಯತ್ತ ಹೋದಾಗ ಶಿಖರಕ್ಕೆ ಮಿತಿಯೇ ಇಲ್ಲ, ಈ ಮಾದರಿಯ ಓವರ್‌ಶೂಟ್ ಮಾತ್ರ ಶೇ 100ನ್ನು ದಾಟಲಾರದು.

ಇನ್ನೊಂದು ಕೊನೆಯಲ್ಲೂ ಎಚ್ಚರ ಬೇಕು. ಡ್ಯಾಂಪಿಂಗ್ 0.707 ಆದಾಗ ಶಿಖರ ಪೂರ್ತಿ ಮಾಯವಾಗುತ್ತದೆ, ಗ್ರಾಫ್ ಎಲ್ಲಿಯೂ ಮೇಲೇರದೆ ಸಮವಾಗಿ ಹೋಗಿ ಕೆಳಗಿಳಿಯುತ್ತದೆ. ಆಗಲೂ ಸ್ಟೆಪ್‌ನಲ್ಲಿ ಶೇ 4.3 ಓವರ್‌ಶೂಟ್ ಇದ್ದೇ ಇರುತ್ತದೆ. ಗ್ರಾಫಿನಲ್ಲಿ ಉಬ್ಬು ಕಾಣಲಿಲ್ಲ ಎಂದು ಓವರ್‌ಶೂಟ್ ಇಲ್ಲವೆಂದು ಬರೆದುಕೊಳ್ಳಬಾರದು. ನಿಮ್ಮ ಮೊದಲ ಅಳತೆಯ ಶೇ 4 ಇದೇ.

ಈಗ ನಿಮ್ಮ ಅಕ್ಷಕ್ಕೆ ಬರೋಣ. ನೀವು ಕೊಟ್ಟ ಅಂಕಿಗಳಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಒಂದು ಸರಳ ಮಾದರಿ ಅವಕ್ಕೆ ಹೊಂದುತ್ತದೆ. ಓಪನ್ ಲೂಪ್ ಹೀಗಿರುತ್ತದೆ: `K/(s(0.02s+1))`. ವೇಗವನ್ನು ಸ್ಥಾನವಾಗಿಸುವ ಒಂದು ಇಂಟಿಗ್ರೇಟರ್, ಮೋಟಾರ್ ಮತ್ತು ಡ್ರೈವ್ ಸೇರಿ ಉಂಟಾಗುವ 20 ಮಿಲಿಸೆಕೆಂಡಿನ ವಿಳಂಬ, ನೀವು ತಿರುಗಿಸುತ್ತಿರುವ ಗೇನ್ K. ಲೂಪ್ ಮುಚ್ಚಿದಾಗ ಛೇದದಲ್ಲಿ `s² + 50s + 50K` ಬರುತ್ತದೆ.

K = 25 ಆದಾಗ ಸಹಜ ಆವರ್ತನ ಸೆಕೆಂಡಿಗೆ 35.4 ರೇಡಿಯನ್, ಡ್ಯಾಂಪಿಂಗ್ 0.707. ಬ್ಯಾಂಡ್‌ವಿಡ್ತ್ 5.6 ಹರ್ಟ್ಸ್, ಶಿಖರವಿಲ್ಲ, ಏರಿಕೆಗೆ 61 ಮಿಲಿಸೆಕೆಂಡ್. K ಎರಡು ಪಟ್ಟಾಗಿ 50 ಆದಾಗ ಡ್ಯಾಂಪಿಂಗ್ 0.5ಕ್ಕೆ ಇಳಿಯುತ್ತದೆ. ಬ್ಯಾಂಡ್‌ವಿಡ್ತ್ 10.1 ಹರ್ಟ್ಸ್, ಶಿಖರ 1.15, ಏರಿಕೆ 33 ಮಿಲಿಸೆಕೆಂಡ್, ಓವರ್‌ಶೂಟ್ ಶೇ 16. K = 100ಕ್ಕೆ ಹೋದಾಗ ಡ್ಯಾಂಪಿಂಗ್ 0.354. ಬ್ಯಾಂಡ್‌ವಿಡ್ತ್ 15.9 ಹರ್ಟ್ಸ್, ಶಿಖರ 1.51, ಅಂದರೆ 3.6 ಡೆಸಿಬೆಲ್. ಏರಿಕೆ 20 ಮಿಲಿಸೆಕೆಂಡ್, ಓವರ್‌ಶೂಟ್ ಶೇ 30.5. ಬ್ಯಾಂಡ್‌ವಿಡ್ತ್ ಹೇಳಿದ ಮಾತು ಸುಳ್ಳಾಗಿಲ್ಲ. ಅದು ಸುಮಾರು ಮೂರು ಪಟ್ಟಾಗಿದೆ, ಮೊದಲ ಏರಿಕೆಯೂ ಮೂರು ಪಟ್ಟು ಚುರುಕಾಗಿದೆ.

ಹಾಗಾದರೆ ನೆಲೆಗೊಳ್ಳುವ ಸಮಯ ಏಕೆ ಕದಲಲಿಲ್ಲ? ಛೇದವನ್ನು ಮತ್ತೆ ನೋಡಿ. s ಮುಂದಿನ ಗುಣಕ 50. ಅದರಲ್ಲಿ K ಇಲ್ಲವೇ ಇಲ್ಲ. ಪೋಲ್‌ಗಳ ನೈಜ ಭಾಗ ಅದರ ಅರ್ಧ, ಅಂದರೆ 25. ನಿಮ್ಮ ಮೊದಲ ಗೇನ್‌ನಿಂದ ಮೇಲಕ್ಕೆ K ಎಷ್ಟೇ ಏರಲಿ, ಅದು ಅಲ್ಲಿಯೇ ಇರುತ್ತದೆ. ಆಂದೋಲನಗಳು ಕ್ಷೀಣಿಸುವುದು e^(−25t) ಎಂಬ ಹೊದಿಕೆಯೊಳಗೆ. ಅದು ಶೇ 2ಕ್ಕೆ ಇಳಿಯಲು ಸುಮಾರು 4/25 ಸೆಕೆಂಡ್, ಅಂದರೆ 160 ಮಿಲಿಸೆಕೆಂಡ್ ಬೇಕು. ನೀವು ಗೇನ್ ಏರಿಸಿದಾಗಲೆಲ್ಲ ಪೋಲ್‌ಗಳು s ಸಮತಲದಲ್ಲಿ ನೇರವಾಗಿ ಮೇಲಕ್ಕೂ ಕೆಳಕ್ಕೂ ಸರಿದವೇ ಹೊರತು ಎಡಕ್ಕೆ ಒಂದಿಷ್ಟೂ ಹೋಗಲಿಲ್ಲ. ಅಕ್ಷ ಗುರಿಯನ್ನು ಬೇಗ ಮುಟ್ಟಿತು, ಆದರೆ ಉಳಿಸಿದ ಸಮಯವನ್ನೆಲ್ಲ ಗುರಿಯ ಸುತ್ತ ತೂಗಾಡುವುದರಲ್ಲಿ ಕಳೆಯಿತು.

ಇದನ್ನು ಆವರ್ತನದ ಗ್ರಾಫಿನಿಂದಲೇ ಓದುವುದು ಹೇಗೆ? ಬ್ಯಾಂಡ್‌ವಿಡ್ತ್ ಏರುವಾಗ ಶಿಖರವೂ ಏರುತ್ತಿದೆಯೇ ಎಂದು ನೋಡಬೇಕು. ಶಿಖರ ಏರಿದರೆ ಆಕಾರ ಕೆಡುತ್ತಿದೆ, ಏರಿಕೆಯಲ್ಲಿ ಗಳಿಸಿದ್ದು ಆಂದೋಲನದಲ್ಲಿ ಸೋರಿ ಹೋಗುತ್ತಿದೆ ಎಂದರ್ಥ. ಶಿಖರ ಹಾಗೆಯೇ ಉಳಿದು ಬ್ಯಾಂಡ್‌ವಿಡ್ತ್ ಏರಿದರೆ ಮಾತ್ರ ಎಲ್ಲ ಸಮಯಗಳೂ ಒಟ್ಟಿಗೆ ಕುಗ್ಗುತ್ತವೆ. ಶಿಖರದ ಅಗಲವೂ ಒಂದು ಸುಳಿವು. ಶಿಖರ ಚೂಪಾಗಿರುವ ವ್ಯವಸ್ಥೆಗಳಲ್ಲಿ, ತುದಿಯಿಂದ 3 ಡೆಸಿಬೆಲ್ ಕೆಳಗೆ ಅದರ ಅಗಲವನ್ನು ಸೆಕೆಂಡಿಗೆ ರೇಡಿಯನ್‌ನಲ್ಲಿ ಅಳೆದರೆ ಅದು ಸರಿಸುಮಾರು 2ζωn, ಅಂದರೆ ನಿಮ್ಮ ಮಾದರಿಯಲ್ಲಿ 50 ಎಂದು ಬಂದ ಆ ಗುಣಕವೇ. ಅಗಲವಾದ ಉಬ್ಬು ಬೇಗ ಸಾಯುವ ಆಂದೋಲನ, ಸೂಜಿಯಂಥ ಉಬ್ಬು ಬಹಳ ಹೊತ್ತು ಗುಂಯ್‌ಗುಡುವ ಆಂದೋಲನ. ಡ್ಯಾಂಪಿಂಗ್ 0.35ರಷ್ಟು ಇರುವಾಗ ಈ ಅಳತೆ ನಿಖರವಲ್ಲ, ಯಾಂತ್ರಿಕ ಅನುರಣನದಂಥ ಕಿರಿದಾದ ಶಿಖರಗಳಿಗೆ ಚೆನ್ನಾಗಿ ಹೊಂದುತ್ತದೆ.

ಪರಿಹಾರ ಗೇನ್ ಗುಂಡಿಯಲ್ಲಿಲ್ಲ, s ಮುಂದಿನ ಗುಣಕದಲ್ಲಿದೆ. ಮೋಟಾರಿನ ವೇಗವನ್ನು ಅಳೆದು ಹಿಂದಕ್ಕೆ ಕೊಟ್ಟರೆ, ಅಂದರೆ ವೇಗದ ಫೀಡ್‌ಬ್ಯಾಕ್ ಸೇರಿಸಿದರೆ, ಆ ಗುಣಕವನ್ನು 50ರಿಂದ 100ಕ್ಕೆ ತರಬಹುದು. K = 100 ಹಾಗೆಯೇ ಇರಲಿ. ಛೇದ ಈಗ `s² + 100s + 5000`. ಸಹಜ ಆವರ್ತನ ಮೊದಲಿನ 70.7 ರೇಡಿಯನ್ನೇ, ಡ್ಯಾಂಪಿಂಗ್ ಮಾತ್ರ 0.707 ಆಯಿತು. ಫಲಿತಾಂಶವನ್ನು ನಿಧಾನವಾಗಿ ನೋಡಿ. ಬ್ಯಾಂಡ್‌ವಿಡ್ತ್ 15.9ರಿಂದ 11.3 ಹರ್ಟ್ಸ್‌ಗೆ ಇಳಿಯುತ್ತದೆ. ಏರಿಕೆ 20ರಿಂದ 30 ಮಿಲಿಸೆಕೆಂಡಿಗೆ ಹೋಗುತ್ತದೆ. ಆದರೆ ನೆಲೆಗೊಳ್ಳುವ ಸಮಯ 160ರಿಂದ ಸುಮಾರು 80 ಮಿಲಿಸೆಕೆಂಡಿಗೆ ಇಳಿಯುತ್ತದೆ, ಓವರ್‌ಶೂಟ್ ಶೇ 4.3. ಬ್ಯಾಂಡ್‌ವಿಡ್ತ್ ಕಡಿಮೆಯಾದ ಲೂಪ್ ಕೆಲಸವನ್ನು ಬೇಗ ಮುಗಿಸುತ್ತಿದೆ. ಡ್ರೈವ್‌ಗಳನ್ನು ಬ್ಯಾಂಡ್‌ವಿಡ್ತ್ ಒಂದರಿಂದಲೇ ಹೋಲಿಸಿ ಖರೀದಿಸುವವರಿಗೆ ನಾನು ಈ ಲೆಕ್ಕವನ್ನು ಮಾಡಿ ತೋರಿಸುತ್ತೇನೆ. ಶಿಖರದ ಎತ್ತರ ಹೇಳದೆ ಬ್ಯಾಂಡ್‌ವಿಡ್ತ್ ಹೇಳಿದರೆ ಅರ್ಧ ಮಾತು ಹೇಳಿದಂತೆ. ನಿಮ್ಮ ಮೊದಲ ಸ್ಥಿತಿಗೆ ಹೋಲಿಸಿದರೆ ಇದು ಆಕಾರ ಕೆಡದೆ ಎರಡು ಪಟ್ಟು ಹಿಗ್ಗಿದ ಲೂಪ್: 5.6 ಹರ್ಟ್ಸ್ 11.3 ಆಯಿತು, 160 ಮಿಲಿಸೆಕೆಂಡ್ 80 ಆಯಿತು, ಓವರ್‌ಶೂಟ್ ಕದಲಲಿಲ್ಲ.

ಶಿಖರ ಎಲ್ಲಿದೆ ಎಂಬುದರಿಂದ ಆಂದೋಲನದ ಆವರ್ತನವನ್ನೂ ಊಹಿಸಬಹುದು, ಆದರೆ ಎರಡೂ ಒಂದೇ ಅಲ್ಲ. K = 100ರ ಮೊದಲಿನ ಲೂಪ್‌ನಲ್ಲಿ ಶಿಖರ ಕಾಣುವುದು 9.7 ಹರ್ಟ್ಸ್‌ನಲ್ಲಿ, ಸ್ಟೆಪ್‌ನ ತೂಗಾಟ ಅಳೆದರೆ ಸಿಗುವುದು 10.5 ಹರ್ಟ್ಸ್. ಶಿಖರ ಇರುವುದು ωn√(1−2ζ²)ನಲ್ಲಿ, ತೂಗಾಟ ಇರುವುದು ωn√(1−ζ²)ನಲ್ಲಿ. ಅಳತೆಯಲ್ಲಿ ಇಷ್ಟು ವ್ಯತ್ಯಾಸ ಬಂದರೆ ಉಪಕರಣವನ್ನು ದೂರಬೇಡಿ. ತೂಗಾಟ ಶಿಖರಕ್ಕಿಂತ ಕಡಿಮೆ ಆವರ್ತನದಲ್ಲಿ ಸಿಕ್ಕರೆ ಮಾತ್ರ ಈ ಮಾದರಿ ನಿಮ್ಮ ಯಂತ್ರಕ್ಕೆ ಹೊಂದುತ್ತಿಲ್ಲ ಎಂದು ಸಂಶಯಪಡಿ.

ಈಗ ಸ್ಪಿಂಡಲ್. ಇಲ್ಲಿ ನಿಮ್ಮನ್ನು ದಾರಿ ತಪ್ಪಿಸಿದ್ದು ಡ್ಯಾಂಪಿಂಗ್ ಅನುಪಾತ. ಅದು ಪೋಲ್‌ಗಳ ಗುಣ. ಸ್ಟೆಪ್ ಪ್ರತಿಕ್ರಿಯೆಯ ಆಕಾರವನ್ನು ಪೋಲ್‌ಗಳ ಜೊತೆ ಝೀರೋಗಳೂ ಸೇರಿ ತೀರ್ಮಾನಿಸುತ್ತವೆ. ಟಾರ್ಕ್ ಕೊಟ್ಟರೆ ವೇಗ ಏರುತ್ತ ಹೋಗುವ ಸ್ಪಿಂಡಲ್ ಎಂದರೆ ಮುಖ್ಯವಾಗಿ ಒಂದು ಇಂಟಿಗ್ರೇಟರ್. ಅದಕ್ಕೆ PI ಕಂಟ್ರೋಲರ್ ಕಟ್ಟಿ ಲೂಪ್ ಮುಚ್ಚಿದರೆ ಸಿಗುವುದು ಇದು:

```
T(s) = (2ζωn·s + ωn²) / (s² + 2ζωn·s + ωn²)
```

ಅಂಶದಲ್ಲಿ s ಇರುವ ಪದವನ್ನು ಗಮನಿಸಿ. ಮೇಲೆ ಕೊಟ್ಟ Mr ಮತ್ತು ಓವರ್‌ಶೂಟ್ ಸೂತ್ರಗಳಿಗೆ ಆ ಪದ ಇರಲಿಲ್ಲ. ζ = 1 ಇಟ್ಟು ಸ್ಟೆಪ್ ಪ್ರತಿಕ್ರಿಯೆಯನ್ನು ಬಿಡಿಸಿದರೆ, ಸಮಯವನ್ನು 1/ωn ಅಳತೆಯಲ್ಲಿ ಬರೆದಾಗ, `y = 1 − e^(−t) + t·e^(−t)` ಬರುತ್ತದೆ. ಇದು t = 2ರಲ್ಲಿ ಗರಿಷ್ಠ ಮುಟ್ಟುತ್ತದೆ, ಅಲ್ಲಿ ಬೆಲೆ 1 + e^(−2), ಅಂದರೆ 1.135. ನೀವು ಕಂಡ ಶೇ 13 ಇದೇ. ಆಂದೋಲನವಿಲ್ಲ, ಒಂದೇ ಬಾರಿ ಮೇಲೆ ಹೋಗಿ ಮೆಲ್ಲಗೆ ಇಳಿಯುತ್ತದೆ. ನಿಮ್ಮ ಲೆಕ್ಕ ತಪ್ಪಿರಲಿಲ್ಲ, ಆ ಲೆಕ್ಕಕ್ಕೆ ಓವರ್‌ಶೂಟ್ ಹೇಳುವ ಅಧಿಕಾರ ಇರಲಿಲ್ಲ.

ಇದೇ ವ್ಯವಸ್ಥೆಯ ಆವರ್ತನ ಗ್ರಾಫನ್ನು ತೆಗೆದಿದ್ದರೆ ಏನು ಕಾಣುತ್ತಿತ್ತು? ಶಿಖರ 1.155, ಅಂದರೆ 1.25 ಡೆಸಿಬೆಲ್. ಡ್ಯಾಂಪಿಂಗ್ 1 ಇರುವ ವ್ಯವಸ್ಥೆಯಲ್ಲಿ ಶಿಖರ ಇರಬಾರದು ಎಂದು ಪಠ್ಯದ ಸೂತ್ರ ಹೇಳುತ್ತದೆ, ಗ್ರಾಫ್ ಇದೆ ಎನ್ನುತ್ತದೆ. ಆ ಶಿಖರವನ್ನು ಹಿಡಿದು ಝೀರೋ ಇಲ್ಲದ ಸೂತ್ರದಿಂದಲೇ ಓವರ್‌ಶೂಟ್ ಅಂದಾಜು ಮಾಡಿದ್ದರೂ ಶೇ 16 ಸಿಗುತ್ತಿತ್ತು. ನಿಜವಾದದ್ದು ಶೇ 13.5. ಪೋಲ್‌ಗಳನ್ನು ನಂಬಿದ್ದರೆ ಸಿಗುತ್ತಿದ್ದುದು ಸೊನ್ನೆ. ζ = 0.5 ಇಟ್ಟು ಇದೇ PI ಲೂಪನ್ನು ಪರೀಕ್ಷಿಸಿದರೆ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ಶಿಖರ 1.47 ಬರುತ್ತದೆ. ಅದರಿಂದ ಊಹಿಸುವ ಓವರ್‌ಶೂಟ್ ಶೇ 29, ನಿಜವಾದದ್ದು ಶೇ 29.8. ಪೋಲ್‌ಗಳ ಡ್ಯಾಂಪಿಂಗ್ 0.5 ಎಂದು ನಂಬಿ ಕುಳಿತವರು ಶೇ 16 ಎಂದುಕೊಂಡಿರುತ್ತಾರೆ. ಹಾಗಾಗಿ ನನ್ನ ಸಲಹೆ ಸ್ಪಷ್ಟ: ಶಿಖರವನ್ನು ಗ್ರಾಫಿನಿಂದ ಅಳೆಯಿರಿ, ಅದಕ್ಕೆ ತಕ್ಕ ζ ಯಾವುದೆಂದು ಹಿಂದಕ್ಕೆ ಲೆಕ್ಕ ಹಾಕಿ, ಆ ζಯನ್ನು ಮಾತ್ರ ಓವರ್‌ಶೂಟಿಗೆ ಬಳಸಿ. ಪೋಲ್‌ಗಳಿಂದ ಬಂದ ζಯನ್ನು ಅಲ್ಲಿ ತರಬೇಡಿ. ಗ್ರಾಫಿನಲ್ಲಿ ಝೀರೋಗಳ ಪ್ರಭಾವ ಈಗಾಗಲೇ ಸೇರಿದೆ.

ಈ ಲೆಕ್ಕ ಹೀಗಿದೆ. ಮೇಲಿನ K = 100ರ ಅಂಕಿಗಳನ್ನು ಹಾಕಿದ್ದೇನೆ, ನಿಮ್ಮವನ್ನು ಹಾಕಿಕೊಳ್ಳಿ:

```python
from math import sqrt, exp, pi
Mr, fb = 1.512, 15.9
z2 = (1 - sqrt(1 - 1/Mr**2)) / 2
OS = 100 * exp(-pi * sqrt(z2 / (1 - z2)))
tr = 0.33 / fb
print(sqrt(z2), OS, tr)
```

ಡೆಸಿಬೆಲ್‌ನಲ್ಲಿ ಓದಿದ ಶಿಖರವನ್ನು ಮೊದಲು ಅನುಪಾತಕ್ಕೆ ಬದಲಿಸಿಕೊಳ್ಳಬೇಕು, ಅದನ್ನು 20ರಿಂದ ಭಾಗಿಸಿ, ಬಂದ ಸಂಖ್ಯೆಯ ಘಾತಕ್ಕೆ 10ನ್ನು ಏರಿಸಿದರೆ ಆಯಿತು. ಏರಿಕೆಗೆ 0.33 ಬಳಸಿರುವುದು ನಡುವಿನ ಬೆಲೆ ಎಂದು. ಝೀರೋ ಇರುವ ಲೂಪ್‌ನಲ್ಲಿ ಅದು ಇನ್ನೂ ಕಡಿಮೆ. ನಿಮ್ಮ ζ = 1ರ ಸ್ಪಿಂಡಲ್‌ಗೆ ಲೆಕ್ಕ ಹಾಕಿದರೆ 0.29 ಬರುತ್ತದೆ.

ಸ್ಪಿಂಡಲ್‌ನ ಓವರ್‌ಶೂಟ್ ತೆಗೆಯಲು ಗೇನ್‌ಗಳನ್ನು ಮುಟ್ಟಬೇಕಾಗಿಲ್ಲ. ಝೀರೋ ಹುಟ್ಟುವುದು ಪ್ರೊಪೋರ್ಷನಲ್ ಭಾಗ ಗುರಿಯ ಜಿಗಿತವನ್ನು ನೇರವಾಗಿ ಕಾಣುವುದರಿಂದ. ಆ ಭಾಗಕ್ಕೆ ಗುರಿಯ ಅರ್ಧವನ್ನು ಮಾತ್ರ ಕೊಡಿ, ಅಳೆದ ವೇಗವನ್ನು ಪೂರ್ತಿ ಕೊಡಿ. ಇಂಟಿಗ್ರಲ್ ಭಾಗ ಮೊದಲಿನಂತೆ ಪೂರ್ತಿ ದೋಷವನ್ನೇ ನೋಡಲಿ. ζ = 1 ಇರುವಾಗ ಅಂಶದಲ್ಲಿ `ωn·s + ωn²` ಉಳಿಯುತ್ತದೆ, ಅದು ಛೇದದ ಒಂದು `(s + ωn)`ನ್ನು ಹೊಡೆದು ಹಾಕುತ್ತದೆ. ಗುರಿಯಿಂದ ವೇಗದವರೆಗಿನ ದಾರಿ ಈಗ ಒಂದೇ ಪೋಲ್‌ನ ವ್ಯವಸ್ಥೆ, ಓವರ್‌ಶೂಟ್ ಸೊನ್ನೆ. ωn ಸೆಕೆಂಡಿಗೆ 100 ರೇಡಿಯನ್ ಎಂದಿಟ್ಟುಕೊಂಡರೆ ಬ್ಯಾಂಡ್‌ವಿಡ್ತ್ 39.5 ಹರ್ಟ್ಸ್‌ನಿಂದ 15.9 ಹರ್ಟ್ಸ್‌ಗೆ ಇಳಿಯುತ್ತದೆ, ಏರಿಕೆ 7ರಿಂದ 22 ಮಿಲಿಸೆಕೆಂಡಿಗೆ ಹೋಗುತ್ತದೆ. ಕತ್ತರಿಸುವ ಕೆಲಸದ ಭಾರ ಒಮ್ಮೆಲೇ ಬಿದ್ದಾಗ ಸ್ಪಿಂಡಲ್ ಚೇತರಿಸಿಕೊಳ್ಳುವ ಬಗೆ ಮಾತ್ರ ಒಂದಿಷ್ಟೂ ಬದಲಾಗುವುದಿಲ್ಲ, ಏಕೆಂದರೆ ಲೂಪ್ ಒಳಗಿನದು ಏನೂ ಬದಲಾಗಿಲ್ಲ.

ಇದೇ ಕಾರಣಕ್ಕೆ ಇಲ್ಲಿ ಒಂದು ಅಪಾಯವೂ ಇದೆ. ಗುರಿಯ ಕಡೆ ಹೀಗೆ ತೂಕ ಬದಲಿಸಿದ ಅಥವಾ ಫಿಲ್ಟರ್ ಇಟ್ಟ ಲೂಪ್‌ನಲ್ಲಿ, ಗುರಿಯಿಂದ ಔಟ್‌ಪುಟ್‌ವರೆಗೆ ಅಳೆದ ಗ್ರಾಫಿನಲ್ಲಿ ಶಿಖರ ಕಾಣದಿರಬಹುದು. ಆ ಗ್ರಾಫ್ ಓವರ್‌ಶೂಟಿನ ಬಗ್ಗೆ ಸತ್ಯವನ್ನೇ ಹೇಳುತ್ತದೆ, ಸ್ಥಿರತೆಯ ಬಗ್ಗೆ ಏನೂ ಹೇಳುವುದಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ MITಯ ಆಲ್ಬರ್ಟ್ ಹಾಲ್ ಸರ್ವೋಗಳ ವಿನ್ಯಾಸಕ್ಕೆ ಶಿಖರದ ಎತ್ತರವನ್ನೇ ಮಾನದಂಡವಾಗಿ ಬಳಸಿ, ಅದಕ್ಕೆ ತಕ್ಕ ಗೇನನ್ನು ವೃತ್ತಗಳ ನೆರವಿನಿಂದ ಆರಿಸುವ ಕ್ರಮ ಕೊಟ್ಟರು. ಓಪನ್ ಲೂಪನ್ನು L ಎಂದು ಕರೆದರೆ, ಆ ವೃತ್ತಗಳ ಲೆಕ್ಕ ನಡೆಯುವುದು L/(1+L) ಎಂಬ ಲೂಪ್‌ನ ಸ್ವಂತ ಅನುಪಾತದ ಮೇಲೆ. ಆದ್ದರಿಂದ ಗೇನ್ ತೀರ್ಮಾನಿಸುವಾಗ ಫಿಲ್ಟರನ್ನು ತೆಗೆದಿಟ್ಟು ಶಿಖರ ಅಳೆಯಿರಿ. ಅದು 1.1 ಮತ್ತು 1.4ರ ನಡುವೆ ಇದ್ದರೆ ಸಾಮಾನ್ಯವಾಗಿ ಸಾಕು. ಆಮೇಲೆ ಗುರಿಯ ಕಡೆಯ ಹೊಂದಾಣಿಕೆ ಮಾಡಿ.

ಈ ಎರಡು ಸಂಖ್ಯೆಗಳ ಕಣ್ಣಿಗೆ ಬೀಳದ ಒಂದು ದೋಷವನ್ನೂ ಹೇಳಬೇಕು. ಇಂಟಿಗ್ರಲ್ ಭಾಗ ಬಹಳ ನಿಧಾನವಾಗಿದ್ದರೆ ಒಂದು ನಿಧಾನದ ಪೋಲ್ ಮತ್ತು ಅದರ ಪಕ್ಕದಲ್ಲೇ ಒಂದು ಝೀರೋ ಉಳಿದುಬಿಡಬಹುದು. ಪೋಲ್ 1ರಲ್ಲಿ, ಝೀರೋ 1.05ರಲ್ಲಿ ಇದೆ ಎಂದುಕೊಳ್ಳಿ. ಸ್ಟೆಪ್ ಕೊಟ್ಟಾಗ ಔಟ್‌ಪುಟ್ ಚುರುಕಾಗಿ ಶೇ 95ರವರೆಗೆ ಹೋಗಿ, ಉಳಿದ ಶೇ 5ನ್ನು ಒಂದು ಸೆಕೆಂಡಿನ ಟೈಮ್ ಕಾನ್‌ಸ್ಟಂಟ್‌ನಲ್ಲಿ ತೆವಳುತ್ತ ಮುಗಿಸುತ್ತದೆ. ಶೇ 2ರ ಒಳಗೆ ಬರಲು ಸುಮಾರು 0.9 ಸೆಕೆಂಡ್ ಬೇಕು. ಆವರ್ತನ ಗ್ರಾಫಿನಲ್ಲಿ ಇದರ ಗುರುತು 0.16 ಹರ್ಟ್ಸ್ ಸುತ್ತ ಬರಿಯ 0.4 ಡೆಸಿಬೆಲ್ ಇಳಿತ. ಬ್ಯಾಂಡ್‌ವಿಡ್ತ್ ಹೆಚ್ಚು ಕಡಿಮೆ ಅಷ್ಟೇ, ಶಿಖರವಿಲ್ಲ, ಏರಿಕೆಯ ಸಮಯವೂ ಸೊಗಸಾಗಿದೆ. 1 ಹರ್ಟ್ಸ್‌ನಿಂದ ಮೇಲಕ್ಕೆ ಮಾತ್ರ ಸ್ವೀಪ್ ಮಾಡುವವರಿಗೆ ಆ ಇಳಿತ ಕಾಣುವುದೇ ಇಲ್ಲ. ಅಕ್ಷ ಕೊನೆಯ ಕೆಲವು ಮೈಕ್ರಾನ್‌ಗಳನ್ನು ತೆವಳುತ್ತ ಮುಗಿಸುತ್ತಿದ್ದರೆ ಸ್ವೀಪನ್ನು ಕೆಳಕ್ಕೆ ಇಳಿಸಿ, ಲಂಬ ಅಕ್ಷವನ್ನು ಹಿಗ್ಗಿಸಿ ನೋಡಿ.

ಇದಕ್ಕೆ ವಿರುದ್ಧವಾದ ದೃಶ್ಯವೂ ಕಂಡೀತು: ಬಾಲ್ ಸ್ಕ್ರೂ ಅಥವಾ ಕಪ್ಲಿಂಗ್‌ನ ಸ್ಥಿತಿಸ್ಥಾಪಕತೆಯಿಂದ, ಬ್ಯಾಂಡ್‌ವಿಡ್ತ್‌ಗಿಂತ ಎಷ್ಟೋ ಮೇಲೆ ಒಂದು ಸೂಜಿ ಶಿಖರ. ಅದರ ತುದಿಯೇ 20 ಡೆಸಿಬೆಲ್ ಕೆಳಗೆ ಇದ್ದರೆ ಅದನ್ನು Mr ಎಂದು ಸೂತ್ರಕ್ಕೆ ಹಾಕಬೇಡಿ. ಅದು ಕೊಡುವುದು ಏರಿಕೆಯ ಮೇಲೆ ಸಣ್ಣ ನಡುಕ. ಗೇನ್ ಏರಿಸಿದಂತೆ ಆ ಸೂಜಿ ಮೇಲೇರುತ್ತಿದ್ದರೆ ಮಾತ್ರ ಕಾಳಜಿ ವಹಿಸಿ.

ಕೊನೆಯದಾಗಿ, ಇಲ್ಲಿ ಬರೆದ ಎಲ್ಲವೂ ಲೂಪ್ ರೇಖೀಯವಾಗಿರುವವರೆಗೆ ಮಾತ್ರ. ಸ್ವೀಪ್ ಮಾಡುವಾಗ ಡ್ರೈವ್ ಸಣ್ಣ ಸಂಕೇತ ಕೊಡುತ್ತದೆ, ಸ್ಟೆಪ್ ಕೊಡುವಾಗ ನಾವು ದೊಡ್ಡ ಜಿಗಿತ ಕೊಡುತ್ತೇವೆ. ದೊಡ್ಡ ಜಿಗಿತಕ್ಕೆ ಕರೆಂಟ್ ಮಿತಿ ಮುಟ್ಟುತ್ತದೆ. ಆಗ ಏರಿಕೆಯನ್ನು ತೀರ್ಮಾನಿಸುವುದು ಬ್ಯಾಂಡ್‌ವಿಡ್ತ್ ಅಲ್ಲ, ಮೋಟಾರಿನ ಟಾರ್ಕ್. ಮಿತಿಯಲ್ಲಿ ಸಿಕ್ಕಿಕೊಂಡಷ್ಟು ಹೊತ್ತು ಇಂಟಿಗ್ರಲ್ ಭಾಗ ದೋಷವನ್ನು ಕೂಡಿಹಾಕುತ್ತಲೇ ಇರುತ್ತದೆ, ಅದರಿಂದ ಬರುವ ಓವರ್‌ಶೂಟಿಗೂ ಶಿಖರಕ್ಕೂ ಸಂಬಂಧವಿಲ್ಲ. ಪರೀಕ್ಷೆ ಸುಲಭ: ಸ್ಟೆಪ್‌ನ ಗಾತ್ರವನ್ನು ಅರ್ಧ ಮಾಡಿ ಮತ್ತೆ ಅಳೆಯಿರಿ. ಶೇಕಡಾ ಓವರ್‌ಶೂಟ್ ಮತ್ತು ಏರಿಕೆಯ ಸಮಯ ಎರಡೂ ಹಾಗೆಯೇ ಬಂದರೆ ಲೂಪ್ ರೇಖೀಯವಾಗಿದೆ, ಗ್ರಾಫಿನ ಲೆಕ್ಕ ನಡೆಯುತ್ತದೆ. ಗಾತ್ರದೊಡನೆ ಏರಿಕೆಯ ಸಮಯವೂ ಬದಲಾದರೆ ಮಿತಿ ಮುಟ್ಟಿದೆ. ಅವೆರಡೂ ಬದಲಾಗದಿರುವಷ್ಟು ಸಣ್ಣ ಸ್ಟೆಪ್‌ಗೆ ಇಳಿದ ಮೇಲೆಯೇ ಮೇಲಿನ ಅಂಕಿಗಳೊಡನೆ ನಿಮ್ಮವನ್ನು ಹೋಲಿಸಿ.